ಗುಣಾಂಕ 0.8 ಬಂದರೆ ಪೆಕಿಂಗ್ ಆರ್ಡರ್ ಗೆದ್ದಂತೆಯೇ?

ಲೆಕ್ಕದಹಾಳೆ

ನಮಸ್ಕಾರ. ಪಿಎಚ್‌ಡಿ ಪ್ರಬಂಧದ ಮೂರನೇ ಅಧ್ಯಾಯದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ, ಬಲ್ಲವರು ದಾರಿ ತೋರಿಸಬೇಕು. ಕಂಪನಿಗಳು ಹಣ ಹೊಂದಿಸಿಕೊಳ್ಳುವ ರೀತಿಯನ್ನು ಪೆಕಿಂಗ್ ಆರ್ಡರ್ ಸಿದ್ಧಾಂತ ಸರಿಯಾಗಿ ಹೇಳುತ್ತದೋ, ಟ್ರೇಡ್-ಆಫ್ ಸಿದ್ಧಾಂತ ಸರಿಯಾಗಿ ಹೇಳುತ್ತದೋ ಎಂಬುದು ನನ್ನ ಪ್ರಶ್ನೆ. ಮೊದಲನೆಯದರ ಪ್ರಕಾರ ಕಂಪನಿ ತನ್ನ ಗಳಿಕೆಯ ಹಣವನ್ನೇ ಮೊದಲು ಬಳಸುತ್ತದೆ, ಅದು ಸಾಕಾಗದಿದ್ದರೆ ಸಾಲಕ್ಕೆ ಹೋಗುತ್ತದೆ, ಹೊಸ ಷೇರು ಕಟ್ಟಕಡೆಯ ದಾರಿ. ಎರಡನೆಯದರ ಪ್ರಕಾರ ಬಡ್ಡಿಯಿಂದ ಉಳಿಯುವ ತೆರಿಗೆ ಒಂದು ಕಡೆ, ದಿವಾಳಿಯ ನಷ್ಟ ಇನ್ನೊಂದು ಕಡೆ. ಎರಡನ್ನೂ ತೂಗಿ ಕಂಪನಿ ತನಗೊಂದು ಸಾಲದ ಗುರಿ ಇಟ್ಟುಕೊಳ್ಳುತ್ತದೆ.

ಶ್ಯಾಮ್-ಸುಂದರ್ ಮತ್ತು ಮೈಯರ್ಸ್ 1999ರಲ್ಲಿ ಬಳಸಿದ ಸಮೀಕರಣವನ್ನೇ ನಾನೂ ಓಡಿಸಿದೆ:

```
ΔD = a + b·DEF + e
```

ΔD ಅಂದರೆ ಆ ವರ್ಷದ ನಿವ್ವಳ ಹೊಸ ಸಾಲ. DEF ಅಂದರೆ ಹೂಡಿಕೆ, ಡಿವಿಡೆಂಡ್, ದುಡಿಯುವ ಬಂಡವಾಳದ ಏರಿಕೆ ಎಲ್ಲ ಕೂಡಿಸಿ, ಒಳಗಿನ ಗಳಿಕೆ ಕಳೆದ ಮೇಲೆ ಉಳಿಯುವ ಕೊರತೆ. ಕೊರತೆಯನ್ನೆಲ್ಲ ಸಾಲವೇ ತುಂಬಿದರೆ b ಒಂದಾಗಬೇಕು. ಅವರಿಗೆ 157 ಕಂಪನಿಗಳಲ್ಲಿ 0.75 ಬಂದಿತ್ತು. ನನಗೆ 0.8ರ ಆಸುಪಾಸು ಬಂದಿದೆ. ‘ಪೆಕಿಂಗ್ ಆರ್ಡರ್ ಸಾಬೀತಾಯಿತು’ ಎಂದು ಬರೆದೆ. ಗೈಡ್ ಆ ಸಾಲಿನ ಕೆಳಗೆ ಗೆರೆ ಎಳೆದು ‘ಹೇಗೆ?’ ಎಂದಷ್ಟೇ ಬರೆದು ವಾಪಸ್ ಕೊಟ್ಟಿದ್ದಾರೆ. ಎಲ್ಲಿ ತಪ್ಪಿದೆ?

ಚುರುಕುಗಣ್ಣು

ತಪ್ಪೇನೂ ಕಾಣುತ್ತಿಲ್ಲ. ಅದಕ್ಕಿಂತ ಸರಳವಾದ ಸಾಕ್ಷಿಯೂ ಇದೆ, ಅದನ್ನು ಸೇರಿಸಿ. ಹೆಚ್ಚು ಲಾಭ ಮಾಡುವ ಕಂಪನಿಗಳಲ್ಲಿ ಸಾಲ ಕಡಿಮೆ ಇರುತ್ತದೆ. ಈ ವಿಷಯದ ಮೇಲೆ ಬಂದ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿ ಇದು. ಟ್ರೇಡ್-ಆಫ್ ನಿಜವಾಗಿದ್ದರೆ ಉಲ್ಟಾ ಇರಬೇಕಿತ್ತು. ಲಾಭ ಹೆಚ್ಚಿದ್ದವರಿಗೆ ಉಳಿಸಬೇಕಾದ ತೆರಿಗೆಯೂ ಹೆಚ್ಚು, ದಿವಾಳಿಯ ಭಯವೂ ಕಡಿಮೆ, ಹಾಗಾಗಿ ಅವರೇ ಹೆಚ್ಚು ಸಾಲ ಮಾಡಬೇಕು. ಮಾಡುವುದಿಲ್ಲ. ನನ್ನ ಲೆಕ್ಕದಲ್ಲಿ ಟ್ರೇಡ್-ಆಫ್ ಕಥೆ ಅಲ್ಲಿಗೇ ಮುಗಿಯಿತು.

ನೀರಿನಹನಿ

ನನಗೂ ಇದೇ ಗೊಂದಲ ಇದೆ, ಕೇಳಿದ್ದು ಒಳ್ಳೆಯದಾಯಿತು. ನನ್ನದೊಂದು ಸಣ್ಣ ಉದ್ಯಮ. ಹೊಸ ಯಂತ್ರಕ್ಕೆ ಬ್ಯಾಂಕ್ ಸಾಲ ತೆಗೆದುಕೊಳ್ಳಲೋ, ಪಾಲುದಾರರನ್ನು ಸೇರಿಸಿಕೊಳ್ಳಲೋ ಎಂದು ಮೂರು ತಿಂಗಳಿಂದ ಯೋಚಿಸುತ್ತಿದ್ದೇನೆ. ಪಾಲುದಾರರು ಬಂದರೆ ಬಡ್ಡಿ ಕಟ್ಟುವ ಗೋಜಿಲ್ಲ, ಕಂತಿನ ಚಿಂತೆಯೂ ಇಲ್ಲ. ಹಾಗಿರುವಾಗ ಷೇರು ಯಾಕೆ ಕೊನೆಯ ದಾರಿ? ಈ ಸಿದ್ಧಾಂತದ ಪ್ರಕಾರ ನಾನು ಯಾವುದನ್ನು ಆರಿಸಬೇಕು?

ಹಳೇಮೇಷ್ಟ್ರು

ನೀರಿನಹನಿ ಅವರೇ, ಇಲ್ಲಿ ಕೇಳಿರುವುದು ಕಂಪನಿಗಳು ನಿಜವಾಗಿ ಏನು ಮಾಡುತ್ತವೆ ಎಂದು. ನೀವು ಏನು ಮಾಡಬೇಕು ಎನ್ನುವುದಕ್ಕೆ ಇದರಲ್ಲಿ ನೇರ ಉತ್ತರ ಸಿಗುವುದಿಲ್ಲ. ಆದರೆ ‘ಷೇರು ಯಾಕೆ ಕೊನೆ’ ಎಂಬ ನಿಮ್ಮ ಪ್ರಶ್ನೆ ಈ ಚರ್ಚೆಯ ಬೇರು. ಅದನ್ನು ಮೊದಲು ಬಿಡಿಸೋಣ. ಮೈಯರ್ಸ್ ಮತ್ತು ಮಜ್ಲುಫ್ 1984ರಲ್ಲಿ ಕೊಟ್ಟ ವಾದವನ್ನು ನನ್ನದೇ ಅಂಕಿಗಳಲ್ಲಿ ಹೇಳುತ್ತೇನೆ.

ಒಂದು ಕಂಪನಿಯ ಈಗಿರುವ ಆಸ್ತಿಯ ಬೆಲೆ 200 ಇರಬಹುದು, ಇಲ್ಲವೇ 80 ಇರಬಹುದು. ಎಷ್ಟೆಂದು ಆಡಳಿತದವರಿಗೆ ಗೊತ್ತು. ಹೊರಗಿನವರಿಗೆ ಎರಡೂ ಸಮಸಮ. ಕೈಗೆ ಒಂದು ಹೊಸ ಯೋಜನೆ ಬಂದಿದೆ: 60 ಹಾಕಿದರೆ, ಹಾಕಿದ್ದನ್ನು ಕಳೆದ ಮೇಲೂ 10 ಲಾಭ. ಕೈಯಲ್ಲಿ ನಗದು ಇಲ್ಲ, ಪೂರ್ತಿ 60 ಹೊರಗಿನಿಂದಲೇ ಬರಬೇಕು.

ಒಳ್ಳೆಯ ಕಂಪನಿಯಾಗಲಿ ಕೆಟ್ಟ ಕಂಪನಿಯಾಗಲಿ ಷೇರು ಮಾರುತ್ತದೆ ಎಂದು ಹೊರಗಿನವರು ನಂಬಿದ್ದಾರೆ ಅಂತಿಟ್ಟುಕೊಳ್ಳಿ. ಆಗ ಅವರ ಕಣ್ಣಿಗೆ ಹಳೆಯ ಷೇರುದಾರರ ಪಾಲು ಸರಾಸರಿ 140ಕ್ಕೆ 10 ಸೇರಿ 150. ಹೊಸಬರು 60 ತರುತ್ತಾರೆ. ಒಟ್ಟು 210ರಲ್ಲಿ ಹಳಬರಿಗೆ 150, ಅಂದರೆ ಶೇ 71.4. ಈಗ ಕಂಪನಿ ನಿಜಕ್ಕೂ ಒಳ್ಳೆಯದಾಗಿದ್ದರೆ ಒಟ್ಟು ಬೆಲೆ 200, 10, 60 ಸೇರಿ 270. ಅದರ ಶೇ 71.4 ಎಂದರೆ ಸುಮಾರು 193. ಸುಮ್ಮನೆ ಕೂತಿದ್ದರೆ ಹಳಬರ ಕೈಯಲ್ಲಿ 200 ಇರುತ್ತಿತ್ತು. ಹಾಗಾಗಿ ಒಳ್ಳೆಯ ಕಂಪನಿ 10ರ ಲಾಭವನ್ನೂ ಕೈಬಿಟ್ಟು ಸುಮ್ಮನಿರುತ್ತದೆ, ಷೇರು ಮಾರುವುದಿಲ್ಲ. ಮಾರಲು ಬರುವವರು ಕೆಟ್ಟ ಕಂಪನಿಯವರು ಮಾತ್ರ. ಹೊರಗಿನವರಿಗೂ ಇದು ಅರ್ಥವಾಗುತ್ತದೆ, ಅದಕ್ಕೇ ಷೇರು ಮಾರುವ ಸುದ್ದಿ ಬಂದ ಕೂಡಲೇ ಬೆಲೆ ಇಳಿಯುತ್ತದೆ. ಮಾರುಕಟ್ಟೆಯಲ್ಲಿ ಆ ಇಳಿತ ನಿಜವಾಗಿಯೂ ಕಾಣುತ್ತದೆ. 1986ರಲ್ಲಿ ಆಸ್ಕ್ವಿತ್ ಮತ್ತು ಮಲ್ಲಿನ್ಸ್ ಅಮೆರಿಕದ ಕೈಗಾರಿಕಾ ಕಂಪನಿಗಳಲ್ಲಿ ಅಳೆದಾಗ ಸರಾಸರಿ ಶೇ 3ರ ಆಸುಪಾಸು ಇಳಿದಿತ್ತು.

ಈಗ ಅದೇ 60ನ್ನು ಸಾಲವಾಗಿ ತೆಗೆದುಕೊಂಡರೆ? ಕೆಟ್ಟ ಸ್ಥಿತಿಯಲ್ಲೂ ಕಂಪನಿಯ ಬೆಲೆ 150, ಸಾಲ ಕೊಟ್ಟವರಿಗೆ 60 ಖಂಡಿತ ವಾಪಸ್. ಅವರು ಕಂಪನಿ ಒಳ್ಳೆಯದೋ ಕೆಟ್ಟದ್ದೋ ಎಂದು ಊಹಿಸುವ ಅಗತ್ಯವೇ ಬೀಳುವುದಿಲ್ಲ. ಒಳ್ಳೆಯ ಕಂಪನಿಯ ಹಳಬರಿಗೆ 210 ಉಳಿಯುತ್ತದೆ, ಯೋಜನೆಯೂ ನಡೆಯುತ್ತದೆ. ಸಾಲ ಷೇರಿಗಿಂತ ಮೊದಲು ಬರುವುದು ಈ ಕಾರಣಕ್ಕೆ. ಬಡ್ಡಿ ಅಗ್ಗವೋ ದುಬಾರಿಯೋ ಎಂಬ ಮಾತೇ ಇದರಲ್ಲಿ ಬಂದಿಲ್ಲ, ಗಮನಿಸಿ.

ನೀರಿನಹನಿ

ಈಗ ತಿಳಿಯಿತು ಮೇಷ್ಟ್ರೇ. ನನ್ನ ಉದ್ಯಮ ನನಗೆ ಗೊತ್ತಿರುವಷ್ಟು ಬರುವ ಪಾಲುದಾರರಿಗೆ ಗೊತ್ತಿಲ್ಲ, ಹಾಗಾಗಿ ಅವರು ಬೆಲೆ ಇಳಿಸಿ ಕೇಳುತ್ತಾರೆ. ನನಗೆ ಹಾಗೇ ಆಗಿದೆ. ಪಕ್ಕಕ್ಕೆ ಸರಿದು ಓದುತ್ತಿರುತ್ತೇನೆ.

ಹಳೇಮೇಷ್ಟ್ರು

ಲೆಕ್ಕದಹಾಳೆ, ಈಗ ನಿಮ್ಮ 0.8ಕ್ಕೆ ಬರೋಣ. ನಿಮ್ಮ ಗೈಡ್ ಕೇಳಿದ ‘ಹೇಗೆ’ ಬಹಳ ಸರಿಯಾದ ಪ್ರಶ್ನೆ. ಹಾಳೆ ಪೆನ್ನು ಹಿಡಿದು ನನ್ನ ಜೊತೆ ಮಾಡುತ್ತಾ ಬನ್ನಿ. ಮೂರು ಕಂಪನಿಗಳನ್ನು ತೆಗೆದುಕೊಳ್ಳೋಣ. ಮೂರಕ್ಕೂ ನಾಲ್ಕು ವರ್ಷಗಳ ಕೊರತೆ ಒಂದೇ: 10, 20, 30, 100.

ಮೊದಲನೆಯ ಕಂಪನಿಗೆ ಒಂದು ಗುರಿ ಇದೆ. ಹೊರಗಿನಿಂದ ತರುವ ಪ್ರತಿ 100ರಲ್ಲಿ 80 ಸಾಲ, 20 ಷೇರು. ವರ್ಷ ಯಾವುದೇ ಇರಲಿ ಈ ಲೆಕ್ಕ ತಪ್ಪಿಸುವುದಿಲ್ಲ. ಅದರ ಸಾಲ 8, 16, 24, 80. ಸಮೀಕರಣ ಓಡಿಸಿದರೆ b ಕರಾರುವಾಕ್ಕಾಗಿ 0.8, ಗೆರೆಯ ಮೇಲೆ ಎಲ್ಲ ಬಿಂದುಗಳೂ ಕೂರುತ್ತವೆ. ಇದು ಅಪ್ಪಟ ಗುರಿ ಇಟ್ಟುಕೊಂಡ ಕಂಪನಿ, ಟ್ರೇಡ್-ಆಫ್ ಮನೆತನದ್ದು.

ಎರಡನೆಯದು ಪೆಕಿಂಗ್ ಆರ್ಡರನ್ನು ಚಾಚೂ ತಪ್ಪದೆ ಪಾಲಿಸುತ್ತದೆ. ಆದರೆ ವರ್ಷಕ್ಕೆ 40ಕ್ಕಿಂತ ಹೆಚ್ಚು ಸಾಲ ಅದಕ್ಕೆ ಯಾರೂ ಕೊಡುವುದಿಲ್ಲ. ಮೊದಲ ಮೂರು ವರ್ಷ 10, 20, 30 ಪೂರ್ತಿ ಸಾಲ. ನಾಲ್ಕನೇ ವರ್ಷ 40 ಸಾಲ, ಉಳಿದ 60 ಬೇರೆ ದಾರಿ ಇಲ್ಲದೆ ಷೇರು. b ಹಾಕಿ ನೋಡಿ. ಕೊರತೆಯ ಸರಾಸರಿ 40, ಸಾಲದ ಸರಾಸರಿ 25. ಸರಾಸರಿಯಿಂದ ಇರುವ ಅಂತರಗಳನ್ನು ಗುಣಿಸಿ ಕೂಡಿದರೆ 1400, ಕೊರತೆಯ ಅಂತರಗಳ ವರ್ಗಗಳ ಮೊತ್ತ 5000. ಭಾಗಿಸಿದರೆ 0.28.

ಮೂರನೆಯದು ತದ್ವಿರುದ್ಧ. ಮೊದಲ 10ನ್ನು ಯಾವಾಗಲೂ ಷೇರಿನಿಂದ ತರುತ್ತದೆ, ಮಿಕ್ಕಿದ್ದಕ್ಕೆ ಸಾಲ. ಅಂದರೆ ಕ್ರಮವನ್ನೇ ತಲೆಕೆಳಗು ಮಾಡಿದೆ. ಸಾಲ 0, 10, 20, 90. ಇದರ b ಎಷ್ಟು? ಸರಿಯಾಗಿ 1.

ಈಗ ಮೂರನ್ನೂ ಪಕ್ಕಪಕ್ಕ ಇಡಿ. ಸಿದ್ಧಾಂತವನ್ನು ಪೂರ್ತಿ ಮುರಿದವರಿಗೆ 1, ಗುರಿ ಇಟ್ಟುಕೊಂಡವರಿಗೆ 0.8, ನಿಯತ್ತಾಗಿ ಪಾಲಿಸಿದವರಿಗೆ 0.28. ಚಿರಿಂಕೋ ಮತ್ತು ಸಿಂಘಾ 2000ರಲ್ಲಿ ಎತ್ತಿದ ಆಕ್ಷೇಪದ ತಿರುಳು ಇದೇ. ಕೊರತೆ ಎಂಬುದು ಹೊಸ ಸಾಲ ಮತ್ತು ಹೊಸ ಷೇರಿನ ಮೊತ್ತವೇ ತಾನೆ? ಹಾಗಾಗಿ b ಹೇಳುವುದು ಕೊರತೆ ಏರಿದಾಗ ಆ ಏರಿಕೆಯಲ್ಲಿ ಸಾಲದ ಪಾಲು ಎಷ್ಟು ಎಂದು ಮಾತ್ರ. ಯಾವುದು ಮೊದಲು ಬಂತು, ಯಾವುದು ಆಮೇಲೆ ಬಂತು ಎಂಬುದನ್ನು ಅದು ಹೇಳುವುದಿಲ್ಲ. ಸಿದ್ಧಾಂತದ ಹೆಸರಲ್ಲೇ ‘ಕ್ರಮ’ ಇದೆ, ಪರೀಕ್ಷೆಯಲ್ಲಿ ಕ್ರಮವೇ ಇಲ್ಲ.

ಲೆಕ್ಕದಹಾಳೆ

ಮೂರನ್ನೂ ಕೈಯಲ್ಲೇ ಮಾಡಿ ನೋಡಿದೆ ಸರ್, ನೀವು ಹೇಳಿದಂತೆಯೇ ಬಂತು. ಎರಡು ವರ್ಷದಿಂದ ಈ ಸಮೀಕರಣದ ಜೊತೆ ಇದ್ದೇನೆ, ಇದು ಹೊಳೆದಿರಲಿಲ್ಲ. ಹಾಗಾದರೆ ಫ್ರಾಂಕ್ ಮತ್ತು ಗೋಯಲ್ 2003ರಲ್ಲಿ ಪೆಕಿಂಗ್ ಆರ್ಡರ್ ವಿರುದ್ಧ ಹೇಳಿದ್ದಕ್ಕೂ ಅರ್ಥವಿಲ್ಲವೇ? ಶ್ಯಾಮ್-ಸುಂದರ್ ಮತ್ತು ಮೈಯರ್ಸ್ ನೋಡಿದ್ದ 1971ರಿಂದ 1989ರ ಅವಧಿಯಲ್ಲೇ ಅವರು ಹೆಚ್ಚು ಕಂಪನಿಗಳನ್ನು ಸೇರಿಸಿದಾಗ ಗುಣಾಂಕ 0.28ಕ್ಕೆ ಕುಸಿದಿತ್ತು. ನಿಮ್ಮ ಎರಡನೆಯ ಕಂಪನಿಗೂ ಅದೇ 0.28 ಬಂದಿದೆ!

ಹಳೇಮೇಷ್ಟ್ರು

ಅಂಕಿ ಹೊಂದಿಕೆಯಾಗಿದ್ದು ನಾನು ಆರಿಸಿಕೊಂಡ ಸಂಖ್ಯೆಗಳಿಂದ, ಅದಕ್ಕೆ ಹೆಚ್ಚಿನ ಅರ್ಥ ಹಚ್ಚಬೇಡಿ. ಆದರೆ ಪ್ರಶ್ನೆ ಒಳ್ಳೆಯದು. ಫ್ರಾಂಕ್-ಗೋಯಲ್ ಅವರ ಮಾತಿನ ಬಲ ಆ 0.28ರಲ್ಲಿ ಇಲ್ಲ. ಯಾವ ಕಂಪನಿಗಳಲ್ಲಿ ಸಿದ್ಧಾಂತ ನಿಂತಿತು, ಯಾವುದರಲ್ಲಿ ಬಿತ್ತು ಎಂಬುದರಲ್ಲಿದೆ.

ಶ್ಯಾಮ್-ಸುಂದರ್ ಮತ್ತು ಮೈಯರ್ಸ್ ಅವರ 157 ಕಂಪನಿಗಳು ಅಷ್ಟೂ ವರ್ಷ ಉಳಿದು, ಪೂರ್ತಿ ಲೆಕ್ಕ ಒಪ್ಪಿಸಿದಂಥವು. ಹೆಚ್ಚಿನವು ದೊಡ್ಡವು, ನೆಲೆಯೂರಿದವು. ಅಲ್ಲಿ ಸಿದ್ಧಾಂತ ಚೆನ್ನಾಗಿ ಕೂತಿತು. ಸಣ್ಣ, ವೇಗವಾಗಿ ಬೆಳೆಯುವ ಕಂಪನಿಗಳಲ್ಲಿ ಕೊರತೆಯನ್ನು ಹೆಚ್ಚಾಗಿ ಷೇರು ತುಂಬುತ್ತಿತ್ತು. ಒಂದು ಕ್ಷಣ ಯೋಚಿಸಿ: ಒಳಗಿನವರಿಗೆ ಗೊತ್ತಿದ್ದು ಹೊರಗಿನವರಿಗೆ ಗೊತ್ತಿಲ್ಲದ ವಿಷಯ ಎಲ್ಲಿ ಹೆಚ್ಚು? ಸಣ್ಣ ಹೊಸ ಕಂಪನಿಗಳಲ್ಲಿ. ಸಿದ್ಧಾಂತದ ಕಾರಣ ಎಲ್ಲಿ ಗಟ್ಟಿಯಾಗಿರಬೇಕಿತ್ತೋ ಅಲ್ಲೇ ಫಲಿತಾಂಶ ಉಲ್ಟಾ ಬಂದಿದೆ. ನನಗೆ ಕಾಡುವುದು ಇದು.

ಚುರುಕುಗಣ್ಣು

ಅದಕ್ಕೂ ಉತ್ತರ ಇದೆಯಲ್ಲ. ಸಣ್ಣ ಕಂಪನಿಗೆ ಸಾಲ ಕೊಡುವವರು ಕಡಿಮೆ. ನಿಮ್ಮ ಎರಡನೆಯ ಕಂಪನಿಯ ಹಾಗೆ ಮಿತಿ ಬೇಗ ಮುಟ್ಟುತ್ತದೆ, ಆಮೇಲೆ ಷೇರೇ ಗತಿ. ಲೆಮನ್ ಮತ್ತು ಝೆಂಡರ್ 2010ರಲ್ಲಿ ಇದನ್ನೇ ಹೇಳಿದ್ದಾರೆ. ಪೆಕಿಂಗ್ ಆರ್ಡರ್ ಉಳಿಯಿತು.

ಹಳೇಮೇಷ್ಟ್ರು

ಹೌದು, ಅವರ ಕೆಲಸವನ್ನು ನಾನು ಮೆಚ್ಚುತ್ತೇನೆ. ಸಮೀಕರಣಕ್ಕೆ ಕೊರತೆಯ ವರ್ಗವನ್ನೂ ಸೇರಿಸಿದರು:

```
ΔD = a + b·DEF + c·DEF² + e
```

ಕೊರತೆ ಸಣ್ಣದಿದ್ದಾಗ ಪೂರ್ತಿ ಸಾಲ, ದೊಡ್ಡದಾದಾಗ ಷೇರು ಸೇರಿಕೊಂಡರೆ ಗೆರೆ ಮೇಲೇರುತ್ತಾ ಬಾಗುತ್ತದೆ, c ಋಣವಾಗುತ್ತದೆ. ನನ್ನ ಎರಡನೆಯ ಕಂಪನಿಯ ಚಿತ್ರ ಬರೆದರೆ ಆ ಬಾಗು ಕಣ್ಣಿಗೇ ಕಾಣುತ್ತದೆ. ಸಾಲದ ಮಿತಿ ಯಾರಿಗೆ ಬಿಗಿ ಎಂದು ತಿಳಿಯಲು ಅವರು ಕಂಪನಿಗೆ ಬಾಂಡ್ ರೇಟಿಂಗ್ ಸಿಗುವ ಸಾಧ್ಯತೆಯನ್ನು ಅಳತೆಗೋಲಾಗಿ ಬಳಸಿದರು. ಮಿತಿ ಬಿಗಿಯಾಗಿದ್ದವರಲ್ಲಿ ಗೆರೆ ಬಾಗಿತು.

ನನ್ನ ತಕರಾರು ಒಂದೇ. ‘ಸಾಲದ ಮಿತಿ’ ಎಂದರೆ ಏನು? ಇದಕ್ಕಿಂತ ಹೆಚ್ಚು ಸಾಲವಾದರೆ ದಿವಾಳಿಯ ಅಪಾಯ ಹೆಚ್ಚು ಎಂದು ಸಾಲ ಕೊಡುವವರು ಎಳೆಯುವ ಗೆರೆ. ದಿವಾಳಿಯ ನಷ್ಟವನ್ನು ತೂಗುವುದು ಟ್ರೇಡ್-ಆಫ್ ಸಿದ್ಧಾಂತದ ಅರ್ಧ ಭಾಗ. ಅದನ್ನು ಎರವಲು ತಂದು ಪೆಕಿಂಗ್ ಆರ್ಡರನ್ನು ಉಳಿಸಿಕೊಂಡ ಮೇಲೆ, ಉಳಿದದ್ದು ಯಾವ ಸಿದ್ಧಾಂತ ಎಂದು ಹೇಳುವುದು ನನಗೆ ಕಷ್ಟ.

ಖಾತೆಮನೆ

ನಾನು ಪ್ರೊಫೆಸರ್ ಅಲ್ಲ. ಒಂದು ಮಧ್ಯಮ ಗಾತ್ರದ ಕಂಪನಿಯಲ್ಲಿ ಹಣಕಾಸು ವಿಭಾಗ ನೋಡಿಕೊಂಡು ಹದಿನೇಳು ವರ್ಷ ಆಯಿತು. ನಮ್ಮಲ್ಲಿ ನಡೆದದ್ದನ್ನು ಹೇಳಬಹುದೇ?

ಕೆಲವು ವರ್ಷಗಳ ಹಿಂದೆ ಎರಡನೇ ಘಟಕ ಕಟ್ಟಬೇಕಾಯಿತು. ಬ್ಯಾಂಕ್ ಖಾತೆಯಲ್ಲಿ ಬೇಕಾದಷ್ಟು ನಗದು ಇತ್ತು. ಪೆಕಿಂಗ್ ಆರ್ಡರ್ ಪ್ರಕಾರ ಅದನ್ನೇ ಮೊದಲು ಖರ್ಚು ಮಾಡಬೇಕಿತ್ತು. ನಾವು ಅದನ್ನು ಮುಟ್ಟಲಿಲ್ಲ, ಅವಧಿ ಸಾಲ ತೆಗೆದುಕೊಂಡೆವು. ಯಾಕೆಂದರೆ ಅದಕ್ಕೂ ಎರಡು ವರ್ಷ ಮೊದಲು ದೊಡ್ಡ ಗ್ರಾಹಕರೊಬ್ಬರು ಪಾವತಿ ನಿಲ್ಲಿಸಿದಾಗ ಸಂಬಳಕ್ಕೆ ಪರದಾಡಿದ್ದೆವು. ಆ ದಿನಗಳಲ್ಲಿ ಯಾವ ಬ್ಯಾಂಕೂ ಬಾಗಿಲು ತೆರೆಯಲಿಲ್ಲ. ಸಾಲ ಸುಲಭವಾಗಿ ಸಿಗುವಾಗ ತೆಗೆದುಕೊ, ನಗದನ್ನು ಕಷ್ಟಕಾಲಕ್ಕೆ ಇಟ್ಟುಕೋ ಎಂಬುದು ನಾವು ಕಲಿತ ಪಾಠ.

ಷೇರಿನ ವಿಷಯ. ನಮ್ಮ ಆಡಳಿತ ಮಂಡಳಿಯ ಸಭೆಯಲ್ಲಿ ಷೇರು ಬೇಡ ಎಂದವರು ‘ಹೊರಗಿನವರಿಗೆ ನಮ್ಮ ಬೆಲೆ ಗೊತ್ತಿಲ್ಲ’ ಎಂದು ಒಮ್ಮೆಯೂ ಹೇಳಲಿಲ್ಲ. ಸ್ಥಾಪಕರ ಕುಟುಂಬದ ಪಾಲು ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ ಎಂಬುದೊಂದೇ ಮಾತು. ಹಿಡಿತ ಕೈಬಿಡಬಾರದು, ಅಷ್ಟೇ. ಹೊರಗಿನಿಂದ ನೋಡಿದವರಿಗೆ ನಾವು ಪೆಕಿಂಗ್ ಆರ್ಡರ್ ಪಾಲಿಸಿದಂತೆ ಕಾಣುತ್ತೇವೆ, ಕಾರಣ ಮಾತ್ರ ಬೇರೆ.

ಲೆಕ್ಕದಹಾಳೆ

ಸರ್, ನಿಮ್ಮಲ್ಲಿ ಸಾಲದ ಗುರಿ ಅಂತ ಏನಾದರೂ ಇತ್ತೇ?

ಖಾತೆಮನೆ

ಬರೆದಿಟ್ಟ ಶೇಕಡಾವಾರು ಇರಲಿಲ್ಲ. ಬಡ್ಡಿಯ ಮೂರು ಪಟ್ಟು ಗಳಿಕೆ ಇರಬೇಕು ಎಂದು ಸಾಲದ ಕರಾರಿನಲ್ಲಿತ್ತು. ನಾವು ನಾಲ್ಕು ಪಟ್ಟಿಗೆ ಬಂದ ಕೂಡಲೇ ಎಚ್ಚರವಾಗುತ್ತಿದ್ದೆವು. ಅದರಿಂದ ಮೇಲೆ ಎಷ್ಟಿದ್ದರೂ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ತೆರಿಗೆ ಉಳಿತಾಯವನ್ನು ಲೆಕ್ಕ ಹಾಕುತ್ತಿದ್ದೆವು, ಆದರೆ ಅದೇ ಕಾರಣಕ್ಕೆ ಸಾಲ ಹೆಚ್ಚಿಸಿದ ನೆನಪಿಲ್ಲ.

ಗಣಿತಪ್ರಿಯೆ

ಖಾತೆಮನೆ ಅವರ ಅನುಭವ ಅಪರೂಪದ್ದಲ್ಲ. ಗ್ರಹಾಂ ಮತ್ತು ಹಾರ್ವಿ 2001ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ 392 ಹಣಕಾಸು ಮುಖ್ಯಸ್ಥರು ಉತ್ತರಿಸಿದ್ದರು. ಗುರಿಯೇ ಇಲ್ಲ ಎಂದವರು ಶೇ 19, ಕಟ್ಟುನಿಟ್ಟಾದ ಗುರಿ ಇದೆ ಎಂದವರು ಶೇ 10. ನಡುವಿನವರದ್ದು ಸಡಿಲವಾದ ಗುರಿ, ಹೆಚ್ಚುಕಡಿಮೆ ಒಂದು ವ್ಯಾಪ್ತಿ. ಸಾಲ ಮಾಡುವಾಗ ಎಲ್ಲಕ್ಕಿಂತ ಹೆಚ್ಚು ತೂಕ ಕೊಟ್ಟದ್ದು ಮುಂದೆ ಬೇಕಾದಾಗ ಹಣ ಸಿಗುವಂತೆ ಜಾಗ ಉಳಿಸಿಕೊಳ್ಳುವುದಕ್ಕೆ. ಖಾತೆಮನೆ ಅವರು ನಗದನ್ನು ಮುಟ್ಟದೆ ಉಳಿಸಿಕೊಂಡದ್ದು ಅದೇ.

ಚುರುಕುಗಣ್ಣು ಅವರಿಗೆ ಒಂದು ಮಾತು. ಲಾಭದವರಲ್ಲಿ ಸಾಲ ಕಡಿಮೆ ಎಂಬುದು ನಿಜ, ಅದರಿಂದ ಟ್ರೇಡ್-ಆಫ್ ಮುಗಿಯಿತು ಎಂಬುದು ಸರಿಯಲ್ಲ. ಸ್ಟ್ರೆಬುಲೇವ್ 2007ರಲ್ಲಿ ಅಪ್ಪಟ ಟ್ರೇಡ್-ಆಫ್ ಕಂಪನಿಗಳನ್ನೇ ಕಂಪ್ಯೂಟರಿನಲ್ಲಿ ಸೃಷ್ಟಿಸಿ ನೋಡಿದರು. ಒಂದೇ ಷರತ್ತು: ಸಾಲ ಬದಲಿಸಲು ಖರ್ಚು ತಗಲುತ್ತದೆ, ಹಾಗಾಗಿ ಕಂಪನಿಗಳು ದಿನಾ ಬದಲಿಸುವುದಿಲ್ಲ. ಲಾಭ ಬಂದಾಗ ಷೇರಿನ ಬೆಲೆ ಏರುತ್ತದೆ, ಸಾಲ ಇದ್ದಷ್ಟೇ ಇರುತ್ತದೆ, ಸಾಲದ ಪ್ರಮಾಣ ತಾನಾಗಿಯೇ ಇಳಿಯುತ್ತದೆ. ಯಾವುದೋ ಒಂದು ವರ್ಷ ಎಲ್ಲ ಕಂಪನಿಗಳ ಫೋಟೋ ತೆಗೆದರೆ ಲಾಭದವರೆಲ್ಲ ಕಡಿಮೆ ಸಾಲದವರಾಗಿ ಕಾಣುತ್ತಾರೆ. ಎಲ್ಲರ ಮನಸ್ಸಿನಲ್ಲಿ ಗುರಿ ಇದ್ದೇ ಇರುತ್ತದೆ, ಫೋಟೋ ತೆಗೆದ ಹೊತ್ತಿಗೆ ಅವರು ಗುರಿಯ ಹತ್ತಿರ ಇರಲಿಲ್ಲ ಅಷ್ಟೇ. ಮುಂದೆ 2014ರಲ್ಲಿ ಡ್ಯಾನಿಸ್, ರೆಟ್ಲ್ ಮತ್ತು ವೈಟೆಡ್, ಕಂಪನಿ ದೊಡ್ಡ ಸಾಲ ಎತ್ತಿ ಷೇರುದಾರರಿಗೆ ಹಣ ಹಂಚಿ ಲೆಕ್ಕ ಸರಿಪಡಿಸಿಕೊಂಡ ಸಮಯವನ್ನಷ್ಟೇ ಆರಿಸಿ ನೋಡಿದರು. ಆಗ ಸಂಬಂಧ ತಿರುಗಿತು: ಹೆಚ್ಚು ಲಾಭದವರಲ್ಲಿ ಹೆಚ್ಚು ಸಾಲ.

ಚುರುಕುಗಣ್ಣು

ಇದು ನನಗೆ ಹೊಸದು. ಒಪ್ಪುತ್ತೇನೆ, ನಾನು ಆತುರಪಟ್ಟೆ. ಆದರೆ ಒಂದು ಸಂಶಯ. ಕಂಪನಿಗಳು ಗುರಿಯ ಕಡೆಗೆ ನಿಜವಾಗಿ ಹೋಗುತ್ತಿದ್ದರೆ ವೇಗ ಅಳೆಯಬಹುದಲ್ಲ? ಅದನ್ನು ನೋಡಿದರೆ ಗೊತ್ತಾಗುವುದಿಲ್ಲವೇ?

ಗಣಿತಪ್ರಿಯೆ

ಅಳೆದಿದ್ದಾರೆ, ಒಬ್ಬರಿಗೊಬ್ಬರಿಗೆ ತಾಳೆಯಾಗುವುದಿಲ್ಲ. ಫಾಮಾ ಮತ್ತು ಫ್ರೆಂಚ್ 2002ರಲ್ಲಿ ಡಿವಿಡೆಂಡ್ ಕೊಡುವ ಕಂಪನಿಗಳು ವರ್ಷಕ್ಕೆ ಗುರಿಯ ಅಂತರದ ಶೇ 7ರಿಂದ 10ರಷ್ಟು ಮಾತ್ರ ಮುಚ್ಚುತ್ತವೆ ಎಂದರು. ಫ್ಲ್ಯಾನರಿ ಮತ್ತು ರಂಗನ್ 2006ರಲ್ಲಿ ಸುಮಾರು ಮೂರನೇ ಒಂದು ಪಾಲು ಎಂದರು. ಹುವಾಂಗ್ ಮತ್ತು ರಿಟ್ಟರ್ 2009ರಲ್ಲಿ ಶೇ 17 ಎಂದರು. ಇದನ್ನು ಕಾಲಕ್ಕೆ ತಿರುಗಿಸಿ ನೋಡಿ. ಶೇ 7ರ ವೇಗದಲ್ಲಿ ಅರ್ಧ ದಾರಿ ಹೋಗಲು ಒಂಬತ್ತೂವರೆ ವರ್ಷ ಬೇಕು. ಮೂರನೇ ಒಂದು ಪಾಲಿನ ವೇಗದಲ್ಲಿ ಎರಡು ವರ್ಷವೂ ಬೇಡ. ಒಂದರಲ್ಲಿ ಗುರಿ ಹೆಸರಿಗೆ ಮಾತ್ರ, ಇನ್ನೊಂದರಲ್ಲಿ ಅದೇ ಎಲ್ಲ.

ಬಹುಪಾಲು ವ್ಯತ್ಯಾಸ ಅಳೆಯುವ ವಿಧಾನದ್ದು. ಪ್ರತಿ ಕಂಪನಿಗೂ ತನ್ನದೇ ಆದ, ನಮಗೆ ಕಾಣದ ಸ್ವಭಾವ ಇದೆ ಎಂಬುದನ್ನು ಮರೆತರೆ ವೇಗ ನಿಜಕ್ಕಿಂತ ಕಡಿಮೆ ಬರುತ್ತದೆ. ಅದನ್ನು ಲೆಕ್ಕಕ್ಕೆ ತೆಗೆದುಕೊಂಡು, ವರ್ಷಗಳು ಮಾತ್ರ ಕಡಿಮೆ ಇದ್ದರೆ ನಿಜಕ್ಕಿಂತ ಹೆಚ್ಚು ಬರುತ್ತದೆ. ಸತ್ಯ ನಡುವೆ ಎಲ್ಲೋ ಇದೆ.

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದು. ಲೆಕ್ಕದಹಾಳೆ, ನೀವು ಆಧಾರವಾಗಿ ಇಟ್ಟುಕೊಂಡ 1999ರ ಲೇಖನವನ್ನೇ ಮತ್ತೆ ತೆರೆಯಿರಿ. ಅದರ ಅತ್ಯುತ್ತಮ ಭಾಗ ಗುಣಾಂಕ 0.75 ಅಲ್ಲ. ಅವರು ಅವೇ ಕಂಪನಿಗಳ ನಿಜವಾದ ಹೂಡಿಕೆ ಮತ್ತು ಗಳಿಕೆ ಇಟ್ಟುಕೊಂಡು, ಕೊರತೆಯನ್ನೆಲ್ಲ ಸಾಲವೇ ತುಂಬಿದರೆ ಪ್ರತಿ ವರ್ಷ ಸಾಲ ಎಷ್ಟಿರುತ್ತಿತ್ತು ಎಂದು ಕಟ್ಟಿದರು. ಅಂದರೆ ಗುರಿಯ ಸುಳಿವೇ ಇಲ್ಲದ ಕೃತಕ ಅಂಕಿ-ಅಂಶ. ಆಮೇಲೆ ಅದಕ್ಕೆ ಗುರಿಯತ್ತ ಮರಳುವ ಸಮೀಕರಣ ಹಾಕಿದರು. ಅದೂ ಚೆನ್ನಾಗಿ ಹೊಂದಿಕೊಂಡಿತು! ಕಾರಣ ಸರಳ. ಹೂಡಿಕೆ ಒಮ್ಮೆಗೇ ದೊಡ್ಡದಾಗಿ ಬರುತ್ತದೆ, ಆಗ ಸಾಲ ಏರುತ್ತದೆ. ಮುಂದಿನ ವರ್ಷಗಳಲ್ಲಿ ಗಳಿಕೆ ಬಂದು ಸಾಲ ತೀರುತ್ತದೆ. ಏರಿ ಇಳಿಯುವ ಯಾವುದೇ ಗೆರೆ ‘ಗುರಿಗೆ ಮರಳುತ್ತಿದೆ’ ಎಂದೇ ಕಾಣುತ್ತದೆ. ಆದರೆ ಗುರಿಯತ್ತ ಸಾಗುವ ಕೃತಕ ಕಂಪನಿಗಳನ್ನು ಕಟ್ಟಿ ಕೊರತೆಯ ಸಮೀಕರಣ ಹಾಕಿದಾಗ ಅದು ಹೊಂದಲಿಲ್ಲ ಎಂದು ಅವರು ತೋರಿಸಿದರು.

ಹಳೇಮೇಷ್ಟ್ರು

ಸರಿಯಾಗಿ ಹೇಳಿದಿರಿ ಮೇಡಂ. ಆದರೆ ಆ ಕೊನೆಯ ಮಾತನ್ನು ಚಿರಿಂಕೋ-ಸಿಂಘಾ ಬಿಡಿಸಿದ್ದಾರೆ. ಕಂಪನಿ ನಾನು ಹೇಳಿದ ಮೊದಲನೆಯದರ ಹಾಗೆ ಸಾಲ-ಷೇರುಗಳನ್ನು ಒಂದೇ ಅನುಪಾತದಲ್ಲಿ ತರುತ್ತಿದ್ದರೆ ಕೊರತೆಯ ಪರೀಕ್ಷೆಗೂ ಅದು ತಿಳಿಯುವುದಿಲ್ಲ. ಎರಡೂ ಪರೀಕ್ಷೆಗಳು ಎದುರಾಳಿಯನ್ನು ಒಳಗೆ ಬಿಟ್ಟುಕೊಳ್ಳುತ್ತವೆ.

ಲೆಕ್ಕದಹಾಳೆ

ಹಾಗಿದ್ದರೆ ನಾನು ಏನನ್ನು ನೋಡಬೇಕು? ಅಧ್ಯಾಯವನ್ನೇ ಕಿತ್ತು ಹಾಕಬೇಕೇ?

ಹಳೇಮೇಷ್ಟ್ರು

ಕಿತ್ತು ಹಾಕಬೇಡಿ. ಗುಣಾಂಕದ ಪಕ್ಕದಲ್ಲಿರುವುದನ್ನು ಓದಿ. ಮೊದಲು a ನೋಡಿ. ನನ್ನ ಮೂರನೆಯ ಕಂಪನಿಗೆ b ಒಂದೇ ಇದ್ದರೂ a ಋಣ 10. ಕ್ರಮ ತಲೆಕೆಳಗಾದದ್ದು ಅಲ್ಲಿ ಬಯಲಾಗುತ್ತದೆ. ನಿಮ್ಮ a ಸೊನ್ನೆಯ ಹತ್ತಿರ ಇದೆಯೇ?

ಆಮೇಲೆ ಸಮೀಕರಣ ಬಿಟ್ಟು ಅಂಕಿಗಳ ಹತ್ತಿರ ಹೋಗಿ. ಕೊರತೆ ಸಣ್ಣದಿರುವ ವರ್ಷಗಳನ್ನೂ, ಕೊರತೆಯೇ ಇಲ್ಲದ ವರ್ಷಗಳನ್ನೂ ಬೇರೆ ಮಾಡಿ. ಆ ವರ್ಷಗಳಲ್ಲಿ ಯಾರು ಷೇರು ಹೊರಡಿಸಿದರು? ಪೆಕಿಂಗ್ ಆರ್ಡರ್ ಪ್ರಕಾರ ಯಾರೂ ಇರಬಾರದು. ಇದ್ದರೆ ಅವರಿಗೆ ಸಾಲದ ಮಿತಿ ಮುಟ್ಟಿತ್ತೇ? ಫಾಮಾ ಮತ್ತು ಫ್ರೆಂಚ್ 2005ರಲ್ಲಿ ಹೀಗೆ ನೇರವಾಗಿ ನೋಡಿದರು. 1973ರಿಂದ 2002ರವರೆಗೆ ಹೆಚ್ಚಿನ ಕಂಪನಿಗಳು ಪ್ರತಿ ವರ್ಷ ಷೇರು ಹೊರಡಿಸುತ್ತಲೋ ವಾಪಸ್ ಕೊಳ್ಳುತ್ತಲೋ ಇದ್ದವು, ಕಷ್ಟದಲ್ಲಿ ಇದ್ದದ್ದರಿಂದ ಅಲ್ಲ. ಅರ್ಧಕ್ಕಿಂತ ಹೆಚ್ಚು ಕಂಪನಿಗಳ ನಿರ್ಧಾರಗಳು ಪೆಕಿಂಗ್ ಆರ್ಡರನ್ನು ಮುರಿಯುತ್ತವೆ ಎಂದು ಅವರ ಅಂದಾಜು. ನೌಕರರಿಗೆ ಕೊಡುವ ಷೇರು, ಬೇರೆ ಕಂಪನಿ ಕೊಳ್ಳುವಾಗ ಹಣದ ಬದಲು ಕೊಡುವ ಷೇರು, ಇವೆಲ್ಲ ಮಾರುಕಟ್ಟೆಯಲ್ಲಿ ಘೋಷಿಸಿ ಮಾರುವ ಷೇರಿನ ಹಾಗಲ್ಲ. ಕೊನೆಯ ದಾರಿ ಎಂದುಕೊಂಡದ್ದಕ್ಕೆ ಎಷ್ಟೋ ಒಳದಾರಿಗಳಿವೆ.

ಖಾತೆಮನೆ

ನೌಕರರಿಗೆ ಕೊಟ್ಟ ಷೇರನ್ನು ನಾವು ‘ಹಣ ಎತ್ತಿದ್ದು’ ಎಂದು ಎಂದೂ ಯೋಚಿಸಿಲ್ಲ. ಆದರೆ ಅಷ್ಟು ಸಂಬಳ ನಗದಾಗಿ ಕೊಡುವುದು ತಪ್ಪಿತು ಎಂದರೆ ಹಣ ಎತ್ತಿದಂತೆಯೇ, ಹೌದು.

ಗಣಿತಪ್ರಿಯೆ

ಲಿಯರಿ ಮತ್ತು ರಾಬರ್ಟ್ಸ್ 2010ರದ್ದನ್ನೂ ಓದಿ. ಅವರು ಗುಣಾಂಕ ಬಿಟ್ಟು ಬೇರೆ ಪ್ರಶ್ನೆ ಕೇಳಿದರು: ಒಂದೊಂದು ನಿರ್ಧಾರವನ್ನೂ ಸಿದ್ಧಾಂತ ಮೊದಲೇ ಸರಿಯಾಗಿ ಊಹಿಸುತ್ತದೆಯೇ? ಸಾಲದ ಮಿತಿಯನ್ನು ಎಷ್ಟು ಸಡಿಲವಾಗಿ ಅರ್ಥ ಮಾಡಿಕೊಂಡರೂ ಪೆಕಿಂಗ್ ಆರ್ಡರ್ ಅರ್ಧಕ್ಕಿಂತ ಹೆಚ್ಚು ನಿರ್ಧಾರಗಳನ್ನು ಸರಿಯಾಗಿ ಹೇಳಲಿಲ್ಲ. ಬೇರೆ ಸಿದ್ಧಾಂತಗಳ ಅಂಶಗಳನ್ನು ಸೇರಿಸಿದಾಗ ಶೇ 80 ದಾಟಿತು. ಕಂಪನಿಗಳು ಆ ಕ್ರಮವನ್ನು ಪಾಲಿಸಿದ ಕಡೆಯೂ, ಕಾರಣ ಮಾಹಿತಿಯ ಅಂತರಕ್ಕಿಂತ ಒಳಗಿನವರ ಮತ್ತು ಹೊರಗಿನವರ ಹಿತಾಸಕ್ತಿಯ ಘರ್ಷಣೆ ಎಂದರು. ಖಾತೆಮನೆ ಅವರ ಮಂಡಳಿಯ ಸಭೆ ನನಗೆ ನೆನಪಾದದ್ದು ಅಲ್ಲೇ.

ಚುರುಕುಗಣ್ಣು

ಹಾಗೆಂದು ಟ್ರೇಡ್-ಆಫ್ ಕೂಡ ಗೆದ್ದಿಲ್ಲ ತಾನೆ? ಅದು ನಿಜವಾಗಿದ್ದರೆ ಸಾಲವೇ ಇಲ್ಲದ ದೊಡ್ಡ ಕಂಪನಿಗಳು ಯಾಕಿವೆ? ಸ್ಟ್ರೆಬುಲೇವ್ ಮತ್ತು ಯಾಂಗ್ 2013ರಲ್ಲಿ ಎಣಿಸಿದಾಗ, 1962ರಿಂದ 2009ರವರೆಗೆ ಅಮೆರಿಕದ ದೊಡ್ಡ ಕಂಪನಿಗಳಲ್ಲಿ ಸರಾಸರಿ ಶೇ 10ರಷ್ಟಕ್ಕೆ ಸಾಲವೇ ಇರಲಿಲ್ಲ. ತೆರಿಗೆ ಕಟ್ಟುತ್ತಾರೆ, ಡಿವಿಡೆಂಡ್ ಕೊಡುತ್ತಾರೆ, ಸಾಲ ಮಾತ್ರ ಮುಟ್ಟುವುದಿಲ್ಲ.

ಹಳೇಮೇಷ್ಟ್ರು

ಆ ಕಂಪನಿಗಳಿಗೆ ನನ್ನ ಬಳಿ ತೃಪ್ತಿಯಾಗುವ ಉತ್ತರ ಇಲ್ಲ. ಬದಲಾವಣೆಯ ಖರ್ಚು ಎಂದು ಹೇಳಿ ಕೆಲವು ವರ್ಷ ತಳ್ಳಬಹುದು, ದಶಕಗಟ್ಟಲೆ ತಳ್ಳಲಾಗದು.

ಲೆಕ್ಕದಹಾಳೆ

ಮೂರು ದಿನ ಕೂತು ಮತ್ತೆ ಓಡಿಸಿದೆ, ಏನಾಯಿತೆಂದು ಹೇಳುತ್ತೇನೆ. ನನ್ನ a ಸೊನ್ನೆಯ ಹತ್ತಿರವೇ ಇದೆ, ಅದು ಸಮಾಧಾನ. ವರ್ಗದ ಪದ ಸೇರಿಸಿದಾಗ ದೊಡ್ಡ ಕಂಪನಿಗಳಲ್ಲಿ ಗೆರೆ ನೇರ, ಸಣ್ಣವುಗಳಲ್ಲಿ ಬಾಗು. ಇಲ್ಲಿಯವರೆಗೆ ಲೆಮನ್-ಝೆಂಡರ್ ಹೇಳಿದಂತೆಯೇ. ಆದರೆ ಕೊರತೆ ಇಲ್ಲದ ವರ್ಷಗಳನ್ನು ಬೇರೆ ಮಾಡಿ ನೋಡಿದಾಗ ಷೇರು ಹೊರಡಿಸಿದವರು ನಾನು ಊಹಿಸಿದ್ದಕ್ಕಿಂತ ಬಹಳ ಹೆಚ್ಚು ಇದ್ದಾರೆ. ಒಂದೊಂದೇ ವಾರ್ಷಿಕ ವರದಿ ತೆರೆದು ನೋಡುತ್ತಿದ್ದೇನೆ. ಈವರೆಗೆ ನೋಡಿದವುಗಳಲ್ಲಿ ಹೆಚ್ಚಿನವು ನೌಕರರ ಷೇರು ಯೋಜನೆಯವು.

ಸಾಬೀತಾಯಿತು ಎಂಬ ಸಾಲನ್ನು ತೆಗೆದೆ. ಈಗ ಒಂದು ಪ್ರಶ್ನೆ ಉಳಿದಿದೆ: ನೌಕರರ ಷೇರನ್ನು ಲೆಕ್ಕದಿಂದ ಹೊರಗಿಟ್ಟು ಕೊರತೆಯನ್ನು ಹೊಸದಾಗಿ ಕಟ್ಟಿದರೆ ಅದು ನ್ಯಾಯವೇ, ಅಥವಾ ಬೇಕಾದ ಉತ್ತರ ಬರುವವರೆಗೆ ಅಂಕಿ ತಿದ್ದಿದಂತೆಯೇ?

ಗಣಿತಪ್ರಿಯೆ

ಎರಡೂ ರೀತಿ ಮಾಡಿ, ಎರಡನ್ನೂ ಕೋಷ್ಟಕದಲ್ಲಿ ಇಡಿ. ಹೊರಗಿಡುವುದಕ್ಕೆ ಸಿದ್ಧಾಂತದಿಂದಲೇ ಕಾರಣ ಇದೆ: ನೌಕರರು ಒಳಗಿನವರು, ಹೊರಗಿನವರನ್ನು ನಂಬಿಸುವ ತೊಂದರೆ ಅಲ್ಲಿ ಕಡಿಮೆ.

ಹಳೇಮೇಷ್ಟ್ರು

ನಾನು ಪೂರ್ತಿ ಒಪ್ಪಲಾರೆ. ಕೆಳಹಂತದ ನೌಕರರಿಗೆ ಕಂಪನಿಯ ನಿಜವಾದ ಬೆಲೆ ಎಷ್ಟು ಗೊತ್ತಿರುತ್ತದೆ? ಮಾರುಕಟ್ಟೆಯವರಿಗೆ ಗೊತ್ತಿರುವಷ್ಟೇ ಇರಬಹುದು. ಹೊರಗಿಡುವ ಮೊದಲು ಆ ಷೇರು ಯಾರ ಕೈಗೆ ಹೋಯಿತು ಎಂದು ವರದಿಗಳಲ್ಲಿ ನೋಡಿ. ಮೇಲಿನವರಿಗೆ ಹೋದದ್ದು ಮತ್ತು ಎಲ್ಲರಿಗೂ ಹಂಚಿದ್ದು, ಇವೆರಡನ್ನು ಬೇರೆ ಮಾಡಲು ಸಾಧ್ಯವಾದರೆ ತಿಳಿಸಿ, ನನಗೂ ನೋಡುವ ಆಸೆ ಇದೆ.